ಗ್ಯಾಸೆಣ್ಣಿ ಒಲಿ, ನೋಡಿ: ಪಂಪ್ ಸ್ಟೌ

ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಮಂಜುಳಮ್ಮ ಹಿದುಕುತ್ತಾ ಕೂತಿದ್ದಳು. ಎದುರಿಗೆ ಕೂತಿದ್ದ ಮಗಳು ಅಕ್ಷತಾ ಒಂದೊಂದು ಕಾಳನ್ನೂ ಅಮ್ಮನ ಮೂಗಿಗೆ ಗುರಿಯಿಟ್ಟು ಹಿದುಕುತ್ತಿದ್ದಳು. ಒಳಗಿನ ಕೋಣೆಯಲ್ಲಿ ಚೆಲುವರಾಜು ಮಗ್ಗುಲು ಬದಲಿಸಲಾಗದೆ ನರಳಿದ. ಲಾರಿಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಅವನು ಮಲಗಿ ಎಂಟು ತಿಂಗಳಾಗಿತ್ತು. ಅಂದಿನಿಂದ ಮನೆ ನಡೆಯುತ್ತಿದ್ದುದು ಮಂಜುಳಮ್ಮನ ಕೆಲಸದಿಂದ.

ಬೀದಿಯಲ್ಲಿ ಸ್ಕೂಟರ್ ಬಂದು ನಿಂತ ಸದ್ದಾಯಿತು. ಮಂಜುಳಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಬಾಗಿಲಲ್ಲಿ ನಂಜುಂಡಸ್ವಾಮಿ ನಿಂತಿದ್ದರು. ಜಯಲಕ್ಷ್ಮಿಪುರಂನಲ್ಲಿ ಕೇಬಲ್ ಆಫೀಸು ನಡೆಸುವವರು, ಅವಳಿಗೆ ಸಂಬಳ ಕೊಡುವವರು. ಆರು ವರ್ಷದಲ್ಲಿ ಅವರು ಆ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕೈಯಲ್ಲಿ ಮಡಿಸಿದ ಪೇಪರಿತ್ತು.

"ಒಳಗೆ ಬನ್ನಿ ಸಾರ್, ಕಾಫಿ ಮಾಡ್ತೀನಿ."

"ಕಾಫಿ ಗೀಫಿ ಏನೂ ಬೇಡ ಕಣಮ್ಮ. ಇವತ್ತು ಸಂಜೆ ಕೋರಿಕೆ ಕಾರ್ಯಕ್ರಮದಲ್ಲಿ ಪಂಪ್ ಸ್ಟೌ ಹಾಕ್ತೀನಿ ಅಂದಿದ್ರಲ್ಲ, ಅದು ಬೇಡ. ಹೋಳಿಗೆ ಹಾಕ್ಬುಡಿ."

"ಅದನ್ನ ಕೇಳ್ದೋರಿಗೆ ಮಾತು ಕೊಟ್ಟಿದ್ದೀನಿ ಸಾರ್. ಹೋದ ವಾರಾನೇ ತಪ್ಪೋಗಿತ್ತು."

ನಂಜುಂಡಸ್ವಾಮಿ ಪೇಪರ್ ಬಿಚ್ಚಿ ಮೂರನೇ ಪುಟದ ಕೆಳಗಿನ ಮೂಲೆಯ ಮೇಲೆ ಬೆರಳಿಟ್ಟರು. ನಾಲ್ಕೇ ಸಾಲಿನ ಸುದ್ದಿ. ಚಾಮರಾಜಪುರಂನ ಮನೆಯೊಂದರಲ್ಲಿ ಗುರುವಾರ ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾಗ ಸ್ಟೌ ಸಿಡಿದು ಗೃಹಿಣಿ ಶಾರದ (೨೧) ತೀವ್ರವಾಗಿ ಸುಟ್ಟುಹೋಗಿ ಆಸ್ಪತ್ರೆಯಲ್ಲಿ ಅಸುನೀಗಿದ್ದಾರೆ. ಮೃತರು ರಾಯಚೂರು ಜಿಲ್ಲೆಯವರು.

ಮಂಜುಳಮ್ಮನ ಬೆರಳ ತುದಿಗೆ ಅವರೆ ಸಿಪ್ಪೆ ಅಂಟಿಕೊಂಡೇ ಇತ್ತು. ಅದು ಪೇಪರಿಗೂ ಅಂಟಿತು.

"ಆ ಹುಡುಗಿ ಗಂಡನ ಅಣ್ಣ ಬೆಳಿಗ್ಗೆ ಐದಕ್ಕೇ ಫೋನ್ ಮಾಡಿದ್ದ," ನಂಜುಂಡಸ್ವಾಮಿ ದನಿ ತಗ್ಗಿಸಿದರು. "ಅದೇ, ಪಾತ್ರೆ ಅಂಗಡಿಯವನು. ನಮ್ಗೆ ವಾರವಾರ ಜಾಹೀರಾತು ಕೊಡೋನು. ಆ ಹುಡುಗಿ ನಿಮ್ಮ ಆಫೀಸಿಗೆ ಏನಾದ್ರೂ ಫೋನ್ ಮಾಡಿತ್ತಾ ಅಂತ ಕೇಳ್ದ. ಮಾಡಿತ್ತು, ಗ್ಯಾಸ್ ಒಲೆ ಬಗ್ಗೆ, ಕೋರಿಕೆ ಬರೆಯೋ ಬುಕ್ಕಲ್ಲಿ ಹಂಗೇ ಇದೆ ಅಂದೆ. ಬುಕ್ಕಲ್ಲಿ ಇರೋದೂ ಅಷ್ಟೇ ತಾನೆ?"

"ಬುಕ್ಕಲ್ಲಿ ಅಷ್ಟೇ."

"ನೀವು ಬುಧವಾರ ನಂಗೆ ತೋರ್ಸಿದ್ರಲ್ಲ, ಹೊಸ ಪದ ಸಿಕ್ತು ಅಂತ ಒಂದು ಕಾರ್ಡು. ಅದನ್ನ ತೆಗೆದ್ಬುಡಿ." ಅವರು ಸ್ಕೂಟರಿನ ಕಡೆ ತಿರುಗಿದರು. ಮತ್ತೆ ನಿಂತರು. "ನಾನೇನು ಕೆಟ್ಟೋನಲ್ಲ ಕಣ್ರೀ. ಕೋರ್ಟು ಅಂದ್ರೆ ಹತ್ತು ವರ್ಷ ಅಲೀಬೇಕು. ಚೆಲುವರಾಜೂನ ನೋಡ್ಕೊಳ್ಳೋರು ಯಾರು? ನಾನು ನಿಮಗೋಸ್ಕರಾನೂ ಹೇಳ್ತಿದ್ದೀನಿ."

ಸ್ಕೂಟರ್ ಹೋಯಿತು. ಮಂಜುಳಮ್ಮ ಒಳಗೆ ಬಂದು ಪೇಪರನ್ನು ಅಕ್ಕಿ ಡಬ್ಬದ ಹಿಂದೆ ತೂರಿಸಿದಳು. ಅಕ್ಷತಾ ಹಿದುಕುವುದನ್ನು ನಿಲ್ಲಿಸಿ ಅವಳ ಮುಖ ನೋಡುತ್ತಿದ್ದಳು. ಏನೋ ಕೇಳುವುದಕ್ಕೆ ಬಾಯಿ ತೆರೆದಳು. "ಹೊತ್ತಾಯ್ತು, ಜಡೆ ಹಾಕ್ತೀನಿ ಬಾ," ಎಂದು ಮಂಜುಳಮ್ಮ ಅವಳನ್ನು ಬೆನ್ನು ಮಾಡಿ ಕೂರಿಸಿಕೊಂಡಳು.

ಮಂಜುಳಮ್ಮ ಆ ಆಫೀಸಿಗೆ ಸೇರಿದಾಗ ಅಲ್ಲಿ ಅಡುಗೆಯದೂ ಮನೆವಾರ್ತೆಯದೂ ಸೇರಿ ಮುನ್ನೂರು ಚಿಲ್ಲರೆ ವಿಡಿಯೋ ಕ್ಯಾಸೆಟ್ಟುಗಳಿದ್ದವು. ಅವುಗಳಿಗೆ ಇದ್ದದ್ದು ನಂಜುಂಡಸ್ವಾಮಿಯವರೇ ಬರೆದ ಒಂದು ಪಟ್ಟಿ: "ಸಿಹಿ ಖಾದ್ಯಗಳು ನಾಲ್ಕು", "ಗೃಹೋಪಯೋಗಿ ಉಪಕರಣಗಳು ಎರಡು". ಶುಕ್ರವಾರ ಸಂಜೆ ಜನ ಕೇಳಿದ್ದನ್ನು ತೋರಿಸುವ ಕಾರ್ಯಕ್ರಮ. ಆದರೆ ಫೋನಿನಲ್ಲಿ ಯಾರೂ ಗೃಹೋಪಯೋಗಿ ಉಪಕರಣ ಎಂದು ಕೇಳುತ್ತಿರಲಿಲ್ಲ. ಒಂದೇ ತಿಂಡಿಗೆ ಒಬ್ಬರು ಪಡ್ಡು ಎನ್ನುವರು, ಇನ್ನೊಬ್ಬರು ಗುಳಿಯಪ್ಪ, ಮತ್ತೊಬ್ಬರು ಗುಂಡುಪಂಗಳ. ಮಂಗಳೂರಿನಿಂದ ಬಂದು ನೆಲೆಸಿದ ಹೆಂಗಸೊಬ್ಬಳು ಮೆಟ್ಟುಗತ್ತಿಗೆ ಸಾಣೆ ಹಿಡಿಯುವುದನ್ನು ತೋರಿಸಿ ಎಂದು ಮೂರು ವಾರ ಕೇಳಿ, ಅಂಥದು ನಮ್ಮಲ್ಲಿಲ್ಲ ಎನ್ನಿಸಿಕೊಂಡಿದ್ದಳು. ಈಳಿಗೆ ಮಣೆಯ ಹೆಸರಿನಲ್ಲಿ ಅದು ಕಪಾಟಿನಲ್ಲೇ ಇತ್ತು.

ಅಂದು ಮಂಜುಳಮ್ಮ ಒಂದು ಉದ್ದನೆಯ ಡ್ರಾಯರನ್ನು ಖಾಲಿ ಮಾಡಿ ಕಾರ್ಡು ಕತ್ತರಿಸಿದಳು. ಒಂದೊಂದು ಪದಾರ್ಥಕ್ಕೂ ಒಂದು ಮುಖ್ಯ ಕಾರ್ಡು. ಅದರಲ್ಲಿ ಕ್ಯಾಸೆಟ್ಟಿನ ನಂಬರು, ಎಷ್ಟನೇ ನಿಮಿಷದಲ್ಲಿ ಇದೆ ಎಂಬುದು. ಅದಕ್ಕೆ ಜನ ಎಷ್ಟು ಹೆಸರಿನಿಂದ ಕರೆಯುತ್ತಾರೋ ಅಷ್ಟು ಬೇರೆ ಕಾರ್ಡು, ಅಕ್ಷರದ ಸಾಲಿನಲ್ಲಿ ಅದರದರ ಜಾಗದಲ್ಲೇ. "ಮೆಟ್ಟುಗತ್ತಿ, ನೋಡಿ: ಈಳಿಗೆ ಮಣೆ." ಹಾಗೆ. ಒಂದೇ ಮಾತು ಎರಡು ಪದಾರ್ಥಕ್ಕೆ ಸಲ್ಲುವುದಿದ್ದರೆ ಆ ಕಾರ್ಡಿನಲ್ಲಿ ಎರಡನ್ನೂ ಬರೆದು "ತಿರುಗಿ ಕೇಳು" ಎಂದು ಸೇರಿಸಿ ಕೆಂಪಿನಲ್ಲಿ ಗೀಟು ಹಾಕುವಳು. ಹಿಟ್ಟು ಅಂದರೆ ಪೇಟೆಯವರಿಗೆ ಹಿಟ್ಟು, ಅವಳ ತವರಿನವರಿಗೆ ಮುದ್ದೆ. ಆ ಕಾರ್ಡಿಗೆ ಮೊದಲ ಗೀಟು ಬಿದ್ದಿತ್ತು. ಕಾರ್ಡಿನ ಹಿಂದೆ ಆ ಮಾತನ್ನು ಯಾರು ಹೇಳಿದರು, ಯಾವ ಕಡೆಯವರು, ಯಾವ ತಾರೀಕು, ಏನೆಂದು ಕೇಳಿದರು. ಹೊಸ ಮಾತು ಬಂದರೆ ಅದು ಯಾವುದಕ್ಕೆ ಸೇರುತ್ತದೆ ಎಂದು ಮುಂದೆ ಅನುಮಾನ ಬರಬಾರದಲ್ಲ.

ಕೇಳಿದವರ ಮಾತನ್ನು ಕೇಳಿದ ಹಾಗೇ ಬರೆಯಬೇಕು, ನಮ್ಮ ಮಾತಿಗೆ ತಿದ್ದಬಾರದು. ಅದು ಅವಳೇ ಮಾಡಿಕೊಂಡಿದ್ದ ಕಟ್ಟುಪಾಡು. ಫೋನಿನ ಪಕ್ಕದ ಬುಕ್ಕಿನಲ್ಲಿ ಮಾತ್ರ ನಂಜುಂಡಸ್ವಾಮಿಯವರ ಮಾತು ನಡೆಯುತ್ತಿತ್ತು. ಅದನ್ನು ಜಾಹೀರಾತು ಕೊಡುವವರಿಗೆ ತೋರಿಸಬೇಕಿತ್ತಾದ್ದರಿಂದ ಎಲ್ಲರಿಗೂ ತಿಳಿಯುವ ಹೆಸರೇ ಬರೆಯಬೇಕು. ಒಬ್ಬರಿಗೆ ತಿಂಗಳಿಗೆ ಒಂದೇ ಕೋರಿಕೆ, ಎರಡನೇ ಸಲ ಕೇಳಿದರೆ ಬುಕ್ಕಿಗೆ ಏರಿಸುವ ಹಾಗಿಲ್ಲ.

ಶಾರದಳ ಮೊದಲ ಫೋನು ಬಂದದ್ದು ಹನ್ನೊಂದು ದಿನದ ಹಿಂದೆ, ಸೋಮವಾರ. ಹಿಂದಿನ ರಾತ್ರಿಯೆಲ್ಲ ಚೆಲುವರಾಜುವಿಗೆ ಜ್ವರ. ಮಂಜುಳಮ್ಮನ ಕಣ್ಣು ಎಳೆಯುತ್ತಿತ್ತು.

"ಅಕ್ಕಾರ, ಗ್ಯಾಸೆಣ್ಣಿ ಒಲಿ ಹೆಂಗ ರಿಪೇರಿ ಮಾಡದು ತೋರಸ್ತೀರೇನ್ರಿ?"

"ಗ್ಯಾಸ್ ಒಲೇನಾ? ಆಯ್ತಮ್ಮ. ಹೆಸರು?"

"ಶಾರದಾರೀ. ಚಾಮರಾಜಪುರಂ."

ಬುಕ್ಕಿನಲ್ಲಿ ಬರೆದಳು: ಶಾರದ, ಚಾಮರಾಜಪುರಂ, ಗ್ಯಾಸ್ ಒಲೆ. ಡ್ರಾಯರು ಎಳೆದಳು, ಕಾರ್ಡು ಸಿಕ್ಕಿತು, ಶುಕ್ರವಾರ ಕ್ಯಾಸೆಟ್ಟು ಹೋಯಿತು. ರೆಗ್ಯುಲೇಟರು ಮುಚ್ಚಿ, ಬರ್ನರು ತೆಗೆದು, ತೂತುಗಳನ್ನು ಪಿನ್ನಿನಿಂದ ಚುಚ್ಚಿ ತೊಳೆಯುವ ಹನ್ನೆರಡು ನಿಮಿಷ. ಕೇಳಿದ ಮಾತಿನಲ್ಲಿ "ಎಣ್ಣಿ" ಎಂಬುದೊಂದು ಇತ್ತು, ಅದು ಅವಳ ಕಿವಿಗೆ ಬಿದ್ದೂ ಒಳಗೆ ಇಳಿಯಲಿಲ್ಲ.

ಮಂಗಳವಾರ ಮಧ್ಯಾಹ್ನ ಮತ್ತೆ ಫೋನು. ಸ್ಕೂಲಿಗೆ ಯಾವುದೋ ಜಯಂತಿಯ ರಜೆಯಾಗಿ ಅಕ್ಷತಾ ಆಫೀಸಿನಲ್ಲೇ ಇದ್ದಳು. ಹಿಂದೆ ಬಸ್ಸಿನ ಹಾರನ್ನು ಕೇಳುತ್ತಿತ್ತು. ಹುಡುಗಿ ಯಾವುದೋ ಬೂತಿನಿಂದ ಮಾತಾಡುತ್ತಿದ್ದಳು.

"ಅಕ್ಕಾರ, ನೀವು ತೋರಿಸಿದ್ದು ಅದಲ್ರಿ. ಅದು ಸಿಲಿಂಡರಿಂದು. ನಾ ಕೇಳಿದ್ದು ಗ್ಯಾಸೆಣ್ಣಿ ಒಲಿ."

"ಎರಡೂ ಒಂದೇ ಅಲ್ವೇನಮ್ಮಾ?"

ಆ ಕಡೆ ನಗು ಬಂತು. "ಅಯ್ಯ, ಒಂದs ಹೆಂಗ ಆಗ್ತದ್ರೀ! ಗ್ಯಾಸೆಣ್ಣಿ ರೀ. ರೇಷನ್ನಿನ್ಯಾಗ ಕೊಡ್ತಾರ ನೋಡ್ರಿ, ದೀಪಕ್ಕ ಹಾಕತಾರ ನೋಡ್ರಿ. ಅದು ಹಾಕಿ, ಗಾಳಿ ಹೊಡದು, ಹೊತ್ತಸ್ತಾರಲ್ರೀ."

"ಅಯ್ಯೋ ಶಿವನೇ, ಸೀಮೆಣ್ಣೆ! ಪಂಪ್ ಸ್ಟೌವಾ?"

"ಹಾಂ, ಅದs ರೀ. ನಿಮ್ಮ ಮಾತಿನ್ಯಾಗ ಎಲ್ಲಾ ಸೀಮಿದಾ. ಸೀಮಿಬದನಿಕಾಯಿ, ಸೀಮೆಣ್ಣಿ." ಅವಳು ಮತ್ತೆ ನಕ್ಕಳು. ಮಂಜುಳಮ್ಮನೂ ನಕ್ಕಳು. ರಿಸೀವರಿಗೆ ಕಿವಿ ತಾಗಿಸಿ ನಿಂತಿದ್ದ ಅಕ್ಷತಾ ಅಂತೂ "ಗ್ಯಾಸೆಣ್ಣಿ, ಗ್ಯಾಸೆಣ್ಣಿ" ಎಂದು ಹೇಳಿಕೊಂಡು ನಕ್ಕದ್ದೇ ನಕ್ಕದ್ದು.

"ಈ ಶುಕ್ರವಾರ ಅದನ್ನೇ ಹಾಕ್ತೀನಿ ಕಣಮ್ಮ. ಏನಾಗಿದೆ ಅದಕ್ಕೆ?"

"ಪಂಪಿನ ವಾಷರ್ ಹೋಗ್ಯದ್ರೀ. ಎಷ್ಟು ಹೊಡದ್ರೂ ಗಾಳಿ ನಿಲ್ಲವಲ್ದು. ಎರಡು ತಿಂಗಳಾತು, ಮೂಲ್ಯಾಗ ಕುಂತದ. ರಿಪೇರಿಗೆ ಒಯ್ಯಿರಿ ಅಂದ್ರ ಯಾರೂ ಒಯ್ಯಂಗಿಲ್ಲ. ಅತ್ತಿಯವರು ಗ್ಯಾಸ್ ಮುಟ್ಟಗೊಡಂಗಿಲ್ಲ, ಸೌದಿ ಒಲಿಯಾಗs ನೀರು ಕಾಯಸ್ತೀನಿ. ಹೊಗಿಗೆ ಕಣ್ಣು ಹೋಗ್ತಾವ. ನಾನs ಕಲ್ತು ಮಾಡ್ತೀನಿ ಬಿಡ್ರಿ." ಆಮೇಲೆ ದನಿ ಸಣ್ಣದಾಯಿತು. "ಇಡ್ತೀನ್ರಿ ಅಕ್ಕಾರ, ಚಿಲ್ರಿ ಮುಗೀತು."

ಹೊಸ ಕಾರ್ಡನ್ನು ಅಕ್ಷತಾ ತಾನೇ ಬರೆಯುತ್ತೇನೆಂದು ಹಟ ಹಿಡಿದಳು. ಒಂಬತ್ತು ವರ್ಷದ ಕೈಯಾದರೂ ಅಕ್ಷರ ದುಂಡಗೆ. ಅಮ್ಮ ಹೇಳಿದಂತೆ ಮುಂದೆ ಬರೆದಳು: "ಗ್ಯಾಸೆಣ್ಣಿ ಒಲಿ, ನೋಡಿ: ಪಂಪ್ ಸ್ಟೌ." ಹಿಂದೆ ಬರೆದಳು: "ಶಾರದ, ಚಾಮರಾಜಪುರಂ, ರಾಯಚೂರು ಕಡೆ." ತಾರೀಕು. "ವಾಷರ್ ಹೋಗಿದೆ. ಗಾಳಿ ನಿಲ್ಲಲ್ಲ. ಎರಡು ತಿಂಗಳಿಂದ ಮೂಲೆಯಲ್ಲಿದೆ." ಗ್ಯಾಸ್ ಒಲೆಯ ಕಾರ್ಡಿಗೆ ಮಂಜುಳಮ್ಮ ಕೆಂಪು ಗೀಟು ಹಾಕಿದಳು: ಎಣ್ಣಿ ಎಂದರೋ ಇಲ್ಲವೋ, ತಿರುಗಿ ಕೇಳು. ತಪ್ಪು ತನ್ನದೇ ಆದರೂ ಸರಿಹೋಯಿತು ಎಂಬ ಸಮಾಧಾನ ಅವಳಿಗೆ. ಪಂಪ್ ಸ್ಟೌವಿನ ಕ್ಯಾಸೆಟ್ಟನ್ನು ಒಮ್ಮೆ ಹಾಕಿ ನೋಡಿಯೂ ಬಿಟ್ಟಳು. ಪಂಪಿನ ಕಡ್ಡಿಯನ್ನು ಹೊರಗೆಳೆದು, ತುದಿಯ ಚರ್ಮದ ವಾಷರನ್ನು ಬಿಚ್ಚಿ, ಹೊಸದನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಮೆತ್ತಗಾದ ಮೇಲೆ ಕೂರಿಸುವುದು. ಕೊನೆಯಲ್ಲಿ ಎಚ್ಚರಿಕೆ: ಉರಿಯುತ್ತಿರುವಾಗ ಮಿತಿಮೀರಿ ಪಂಪು ಹೊಡೆಯಬೇಡಿ, ಒಳಗೆ ಗಾಳಿಯ ಒತ್ತಡ ಹೆಚ್ಚಿದರೆ ಸ್ಟೌ ಸಿಡಿಯಬಹುದು.

ಅದೇ ಸಾಲು ಈಗ ಮಗಳ ಜಡೆ ಹೆಣೆಯುತ್ತಿದ್ದ ಮಂಜುಳಮ್ಮನ ತಲೆಯಲ್ಲಿ ಸುತ್ತುತ್ತಿತ್ತು. ಗಾಳಿ ಹೆಚ್ಚಿದರೆ ಸಿಡಿಯಬಹುದು. ಗಾಳಿಯೇ ನಿಲ್ಲದ ಸ್ಟೌ ಹೇಗೆ ಸಿಡಿಯಿತು? ಮಂಗಳವಾರ ಮಧ್ಯಾಹ್ನ ಮೂಲೆಯಲ್ಲಿದ್ದದ್ದು ಗುರುವಾರ ಬೆಳಿಗ್ಗೆ ನೀರು ಕಾಯಿಸುತ್ತಿತ್ತೇ? ನಡುವಿನ ಒಂದು ದಿನದಲ್ಲಿ, ಎರಡು ತಿಂಗಳು ಒಯ್ಯದವರು ರಿಪೇರಿಗೆ ಒಯ್ದರೇ? ಒಯ್ದಿದ್ದರೂ ಇರಬಹುದು. ಇಲ್ಲದೆಯೂ ಇರಬಹುದು. ಕೇಳಬೇಕಾದವರು ಅದನ್ನು ಕೇಳಬೇಕಾದರೆ ಅವರಿಗೆ ಆ ಎರಡು ತಿಂಗಳ ಸಂಗತಿ ಗೊತ್ತಾಗಬೇಕು. ಅದು ಇದ್ದದ್ದು ಒಂದೇ ಕಡೆ, ಡ್ರಾಯರಿನ ಗಕಾರದ ಸಾಲಿನಲ್ಲಿ.

"ಅಮ್ಮಾ, ಎಳೀತಿದೀಯ, ನೋಯುತ್ತೆ," ಎಂದಳು ಅಕ್ಷತಾ.

ಆಫೀಸಿಗೆ ಹೋದವಳೇ ಮಂಜುಳಮ್ಮ ಕಾರ್ಡನ್ನು ತೆಗೆದಳು. ಹರಿಯಲು ಕೈ ಬರಲಿಲ್ಲ. ಮಗಳ ಅಕ್ಷರ. ಎರಡಾಗಿ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಸಂಜೆ ಹೋಳಿಗೆ ಹೋಯಿತು. ಮರುದಿನ ಇಬ್ಬರು ಫೋನ್ ಮಾಡಿ ಒಬ್ಬಟ್ಟು ಚೆನ್ನಾಗಿತ್ತು ಎಂದರು.

ಎಂಟು ದಿನ ಕಳೆದವು. ಕಾರ್ಡು ರವಿಕೆಯಿಂದ ರವಿಕೆಗೆ ಬದಲಾಗುತ್ತಾ ಬೆವರಿಗೆ ಮೆತ್ತಗಾಯಿತು. ಗಂಡನಿಗೆ ಹೇಳಿದಳು. ಅವನು ಸೂರು ನೋಡುತ್ತಾ, "ನಾನು ಎದ್ದು ಓಡಾಡೋ ಹಂಗಿದ್ದಿದ್ರೆ ಕೊಟ್ಬುಡು ಅಂತಿದ್ದೆ," ಎಂದ. ಹೇಳಿ ಗೋಡೆಯ ಕಡೆ ತಿರುಗಲು ನೋಡಿದ, ಆಗಲಿಲ್ಲ. ಅವಳೇ ತಿರುಗಿಸಿ ಮಲಗಿಸಿದಳು.

ಅಕ್ಷತಾ ಏನೂ ಕೇಳಲಿಲ್ಲ. ಆದರೆ ಆಫೀಸಿಗೆ ಬಂದಾಗಲೆಲ್ಲ ಡ್ರಾಯರಿನ ಮುಂದೆ ನಿಂತು ಗಕಾರದ ಕಾರ್ಡುಗಳ ಮೇಲೆ ಬೆರಳು ಓಡಿಸುವಳು. ಗಸಗಸೆ, ಗಿಣ್ಣು, ಗುಂಡುಪಂಗಳ, ಗುಳಿಯಪ್ಪ, ಗೊಜ್ಜು, ಗ್ಯಾಸ್ ಒಲೆ. ಅಲ್ಲಿಗೆ ನಿಲ್ಲುವಳು. ಅಮ್ಮನ ಕಡೆ ತಿರುಗುವಳು. ಅಷ್ಟರಲ್ಲಿ ಮಂಜುಳಮ್ಮನಿಗೆ ಯಾವುದಾದರೂ ಕ್ಯಾಸೆಟ್ಟು ಸುತ್ತುವುದು ನೆನಪಾಗುವುದು.

ಶನಿವಾರ ಮಧ್ಯಾಹ್ನ, ಅಕ್ಷತಾ ಸ್ಕೂಲು ಮುಗಿಸಿ ಬಂದು ಡ್ರಾಯರಿನ ಹತ್ತಿರ ಕೂತಿದ್ದಾಗ, ಮೆಟ್ಟಿಲು ಹತ್ತಿ ಒಬ್ಬರು ಬಂದರು. ಅರವತ್ತರ ಹತ್ತಿರದವರು, ಬಿಳಿ ಧೋತರ, ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಕೈಚೀಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟರು.

"ಟೀವಿ ಆಫೀಸು ಇದs ಏನ್ರಿ? ನಾನು ಅಮರೇಶಪ್ಪ. ಶಾರದಾನ ತಂದಿ."

ನಂಜುಂಡಸ್ವಾಮಿ ಕುರ್ಚಿ ಎಳೆದುಕೊಟ್ಟರು. ಅವರು ಕೂರಲಿಲ್ಲ. ಚೀಲದಿಂದ ಒಂದು ಇನ್‌ಲ್ಯಾಂಡ್ ಪತ್ರ ತೆಗೆದರು. ಬಿಡಿಸಿ ಬಿಡಿಸಿ ಅದರ ಮಡಿಕೆ ಹರಿದಿತ್ತು.

"ಮಗಳು ಬರದದ್ದು. ಮಣ್ಣು ಮಾಡಿ ಊರಿಗೆ ಹೋದ ಮ್ಯಾಲ ಕೈಗೆ ಬಂತು. ಒಲಿ ಸಂಬಂಧ ಟೀವಿಯವರಿಗೆ ಫೋನ್ ಮಾಡೀನಿ, ಶುಕ್ರವಾರ ತೋರಸ್ತಾರ, ಅಕ್ಕಾರು ಭಾಳ ಚಲೋ ಮಾತಾಡ್ತಾರ ಅಂತ ಬರದಾಳ." ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. "ಒಲಿ ಸಿಡದು ಸತ್ಲು ಅಂತಾರ್ರೀ. ಎಂಟು ವರ್ಷದಾಕಿ ಇದ್ದಾಗಿಂದ ಒಲಿ ಹೊತ್ತಿಸಿದಾಕಿ ಅಕಿ. ಸೋಮವಾರ ತಹಶೀಲ್ದಾರ್ ಸಾಹೇಬ್ರ ಮುಂದ ನನ್ನ ಹೇಳಿಕಿ ಅದ. ಬರೇ ಬಾಯಿಲೆ ಹೇಳಿದ್ರ ನಂಬಂಗಿಲ್ಲ ಅಂದಾರ. ಅಕಿ ನಿಮ್ಮನ್ನ ಏನಂತ ಕೇಳಿದ್ಲು? ಬರಕೊಂಡೀರೇನ್ರಿ?"

ನಂಜುಂಡಸ್ವಾಮಿ ಬುಕ್ಕು ತೆಗೆದು, ಹಾಳೆ ಹುಡುಕಿ, ಅವರ ಮುಂದೆ ತಿರುಗಿಸಿಟ್ಟರು. "ಇದೇ ಯಜಮಾನ್ರೇ. ನಮ್ಮತ್ರ ಇರೋದು ಇಷ್ಟೇ."

ಅಮರೇಶಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರು. "ಗ್ಯಾಸ್ ಒಲೆ." ಮತ್ತೆ ಓದಿದರು. "ಗ್ಯಾಸ್? ನನ್ನ ಮಗಳು ಗ್ಯಾಸ್ ಒಲಿ ಯಾಕ ಕೇಳ್ತಾಳ್ರಿ? ಅದನ್ನ ಮುಟ್ಟಾಕs ಬಿಡ್ತಿರಲಿಲ್ಲ ಅಕಿನ್ನ."

"ಬರೆದಿರೋದು ಹಂಗೇ ಇದೆಯಲ್ಲ."

"ಅಕಿ ಕೂಡ ಮಾತಾಡಿದ ಅಕ್ಕಾರು ಯಾರ್ರಿ?"

ನಂಜುಂಡಸ್ವಾಮಿ ಮಂಜುಳಮ್ಮನ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡಿದರು. ಮಂಜುಳಮ್ಮ ಎದ್ದು ನಿಂತಳು. ಆ ಮನುಷ್ಯನ ಮಾತು ಮಗಳ ಮಾತಿನ ಹಾಗೇ ಇತ್ತು. ಅದೇ ರಾಗ, ಕೊನೆಯಲ್ಲಿ ಅದೇ ಎಳೆತ.

"ನಾನೇ ಕಣ್ರೀ," ಎಂದಳು.

"ಏನಂದ್ಲವ್ವಾ ನನ್ನ ಮಗಳು?"

ರವಿಕೆಯೊಳಗೆ ಕಾರ್ಡು ಮೈಗೆ ಅಂಟಿಕೊಂಡಿತ್ತು. ಒಳಕೋಣೆಯ ಮಂಚ, ತಿಂಗಳ ಔಷಧಿ, ಸ್ಕೂಲಿನ ಫೀಸು, ಎಲ್ಲ ಒಟ್ಟಿಗೆ ನೆನಪಾದವು.

"ದಿನಾ ಬೇಕಾದಷ್ಟು ಫೋನ್ ಬರುತ್ತೆ," ಎಂದಳು. "ಬುಕ್ಕಲ್ಲಿ... ಬುಕ್ಕಲ್ಲಿ ಇರೋದೇ."

ಅಮರೇಶಪ್ಪ ತಲೆಯಾಡಿಸಿದರು. ನಂಬಿದರೋ ಇಲ್ಲವೋ, ಕನ್ನಡಕ ತೆಗೆದು, ಪತ್ರವನ್ನು ಹರಿದ ಮಡಿಕೆಯ ಮೇಲೇ ಹುಷಾರಾಗಿ ಮಡಿಸಿದರು. "ತ್ರಾಸ ಕೊಟ್ಟೆ," ಎಂದರು. ಬಾಗಿಲಿಗೆ ಹೋಗಿ ಚಪ್ಪಲಿಗಾಗಿ ಕಾಲಿನಿಂದ ತಡಕಾಡಿದರು. ಎಡಗಾಲಿನದು ಬಲಗಾಲಿಗೆ ಹೋಯಿತು. ಸರಿಮಾಡಿಕೊಳ್ಳಲು ಗೋಡೆ ಹಿಡಿದು ನಿಂತರು.

ಡ್ರಾಯರಿನ ಹತ್ತಿರ ಕುರ್ಚಿ ಕದಲಿತು. ಎಂಟು ದಿನದಿಂದ ಬಾಯಿ ತೆರೆದು ತೆರೆದು ಮುಚ್ಚಿಕೊಂಡಿದ್ದ ಅಕ್ಷತಾ ಎದ್ದು ನಿಂತಿದ್ದಳು. ನಂಜುಂಡಸ್ವಾಮಿ "ಏ ಪುಟ್ಟಿ," ಎಂದರು. ಅವಳು ಅವರ ಕಡೆ ತಿರುಗಲೂ ಇಲ್ಲ. ಅಮ್ಮನನ್ನೇ ನೋಡುತ್ತಾ, ಬಾಗಿಲಲ್ಲಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು:

"ಅಮ್ಮಾ, ಆ ಅಕ್ಕ ಹೇಳಿದ್ದನ್ನೆಲ್ಲ ನಾನೇ ಕಾರ್ಡಲ್ಲಿ ಬರ್ದಿದ್ನಲ್ಲ, ಅದನ್ನ ಯಾಕೆ ಇವರಿಗೆ ಕೊಡ್ತಿಲ್ಲ?"